ಯಂತ್ರ ರಚಿಸಿದ ಲೇಬಲ್‌ಗಳಲ್ಲಿ ಕನ್ನಡ ಅಕ್ಷರ ಒಡೆಯುವುದೇಕೆ? ಅಕ್ಷರಕ್ಕೆ ಜಾಗ ಬಿಟ್ಟು ಆಮೇಲೆ ಸೇರಿಸುವ ಕ್ರಮ

ಗ್ರಾಮ ಪಂಚಾಯತಿ ಮಟ್ಟದ ಒಕ್ಕೂಟಗಳು ಹಾಗೂ ಸ್ವಸಹಾಯ ಸಂಘಗಳು ತಯಾರಿಸುವ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಖಡಕ್ ರೊಟ್ಟಿ, ಶಾವಿಗೆ, ಸಂಡಿಗೆ ಮುಂತಾದ ಪದಾರ್ಥಗಳ ಪ್ಯಾಕೆಟ್‌ಗಳಿಗೆ ಲೇಬಲ್ ಬೇಕಾಗುತ್ತದೆ. ಕೃತಕ ಬುದ್ಧಿಮತ್ತೆಯಿಂದ, ಅಂದರೆ ಎಐ ಉಪಕರಣಗಳಿಂದ, ಚಿತ್ರ ರಚಿಸಿಕೊಳ್ಳುವುದು ಈಗ ಮೊಬೈಲಿನಲ್ಲಿಯೇ ಸಾಧ್ಯವಾಗಿದೆ. ಹಣ್ಣು, ಕಾಳು, ಮೆಣಸಿನಕಾಯಿ, ಹೊಲ, ಬುಟ್ಟಿ ಇವೆಲ್ಲವೂ ಆ ಚಿತ್ರಗಳಲ್ಲಿ ಅಂದವಾಗಿ ಮೂಡುತ್ತವೆ. ಆದರೆ ಅದೇ ಚಿತ್ರದೊಳಗೆ ಕನ್ನಡದ ಹೆಸರನ್ನೂ ಬರೆಸಿದಾಗ ಅಕ್ಷರಗಳು ಒಡೆದು, ಬೆರೆತು ಅಥವಾ ಬದಲಾಗಿ ಬರುತ್ತವೆ. ಮುದ್ರಣವಾದ ಮೇಲೆ ತಪ್ಪು ಕಂಡುಬಂದರೆ ಇಡೀ ಲೇಬಲ್ ರಾಶಿ ನಿರುಪಯುಕ್ತವಾಗುತ್ತದೆ. ತಪ್ಪು ಕಾಣದೆ ಹೋದರೆ ತಪ್ಪಾದ ಹೆಸರು, ತೂಕ ಅಥವಾ ಪರವಾನಗಿ ಸಂಖ್ಯೆಯ ಪ್ಯಾಕೆಟ್ ಮಾರುಕಟ್ಟೆಗೆ ಹೋಗುತ್ತದೆ, ಅದರ ಹೊಣೆ ತಯಾರಿಸಿದ ಸಂಘದ ಮೇಲೆಯೇ ಬರುತ್ತದೆ. ಈ ತೊಂದರೆಯ ಕಾರಣವನ್ನೂ, ಅದನ್ನು ತಪ್ಪಿಸುವ ಕ್ರಮವನ್ನೂ ಗ್ರಾಮ ಪಂಚಾಯತಿ ಸದಸ್ಯರ ಅವಗಾಹನೆಗಾಗಿ ಇಲ್ಲಿ ವಿವರಿಸಲಾಗಿದೆ.

ಅಕ್ಷರ ಎಲ್ಲಿ ಒಡೆಯುತ್ತದೆ

ಧಾರವಾಡ ತಾಲ್ಲೂಕಿನ ಒಂದು ಒಕ್ಕೂಟವು 200 ಗ್ರಾಂ ಶೇಂಗಾ ಚಟ್ನಿ ಪುಡಿಯ ಪ್ಯಾಕೆಟ್‌ಗೆ ಲೇಬಲ್ ಮಾಡಿಸಲು ಹೊರಟಿದೆ ಎಂದು ಭಾವಿಸೋಣ. ಲೇಬಲ್‌ನ ಮುಂಭಾಗದಲ್ಲಿ ‘ಧಾರವಾಡ ಶೇಂಗಾ ಚಟ್ನಿ ಪುಡಿ’ ಎಂಬ ಹೆಸರು, ಕೆಳಗೆ ‘ಮಹಿಳಾ ಒಕ್ಕೂಟ’ ಎಂಬ ಸಾಲು ಇರಬೇಕು. ಈ ಪದಗಳನ್ನು ಚಿತ್ರದಲ್ಲಿಯೇ ಬರೆಯುವಂತೆ ಉಪಕರಣಕ್ಕೆ ಸೂಚಿಸಿದರೆ ಬರುವ ತಪ್ಪುಗಳು ಮುಖ್ಯವಾಗಿ ಮೂರು ಬಗೆಯವು.

ಮೊದಲನೆಯದು, ಒತ್ತಕ್ಷರ ಕಳೆದುಹೋಗುವುದು. ‘ಒಕ್ಕೂಟ’ ಎಂಬುದು ‘ಒಕೂಟ’ ಆಗುತ್ತದೆ, ‘ಚಟ್ನಿ’ ಎಂಬುದು ‘ಚಟಿ’ ಅಥವಾ ‘ಚಟನಿ’ ಆಗುತ್ತದೆ. ಎರಡನೆಯದು, ಒಂದು ಅಕ್ಷರ ಅದನ್ನು ಹೋಲುವ ಇನ್ನೊಂದು ಅಕ್ಷರವಾಗುವುದು. ‘ಧ’ ಮತ್ತು ‘ದ’ ಅಕ್ಷರಗಳ ನಡುವೆ ಇರುವುದು ಕೆಳಗಿನ ಒಂದು ಚಿಕ್ಕ ಗೀಟಿನ ವ್ಯತ್ಯಾಸ. ಆ ಗೀಟು ಬೀಳದಿದ್ದರೆ ‘ಧಾರವಾಡ’ವು ‘ದಾರವಾಡ’ ಆಗುತ್ತದೆ. ‘ಪ’ ಮತ್ತು ‘ಷ’, ‘ಬ’ ಮತ್ತು ‘ಭ’, ‘ಡ’ ಮತ್ತು ‘ಢ’ ಇವುಗಳಿಗೂ ಇದೇ ಗತಿ. ಮೂರನೆಯದು, ಯಾವ ಭಾಷೆಗೂ ಸೇರದ ಆಕಾರಗಳು ಮೂಡುವುದು. ಕನ್ನಡ ಮತ್ತು ತೆಲುಗು ಲಿಪಿಗಳು ಒಂದೇ ಮೂಲದವಾಗಿದ್ದು ನೋಟಕ್ಕೆ ಹತ್ತಿರವಾಗಿರುವುದರಿಂದ ಕನ್ನಡ ಅಕ್ಷರದ ತಲೆಯ ಮೇಲೆ ತೆಲುಗಿನ ತಲಕಟ್ಟು ಕೂರುವುದೂ ಉಂಟು.

ಇವುಗಳಲ್ಲಿ ಮೂರನೆಯ ಬಗೆ ಕಡಿಮೆ ಅಪಾಯದ್ದು, ಏಕೆಂದರೆ ನೋಡಿದೊಡನೆ ಯಾರಿಗಾದರೂ ಅದು ತಿಳಿಯುತ್ತದೆ. ಮೊದಲ ಎರಡು ಬಗೆಗಳಲ್ಲಿ ಹೆಸರು ಗೊತ್ತಿದ್ದವರ ಕಣ್ಣು ತಾನಾಗಿಯೇ ಸರಿಪಡಿಸಿಕೊಂಡು ಓದಿಬಿಡುತ್ತದೆ. ಹೀಗಾಗಿ ಆ ತಪ್ಪು ಮುದ್ರಣಾಲಯದವರೆಗೂ ಹೋಗುತ್ತದೆ.

ಒಂದು ಅಕ್ಷರದ ಕಟ್ಟಡ

ಇದಕ್ಕೆ ಕಾರಣ ತಿಳಿಯಲು ‘ಚಟ್ನಿ’ ಎಂಬ ಪದವನ್ನೇ ಬಿಡಿಸಿ ನೋಡಬಹುದು. ಗಣಕಯಂತ್ರದಲ್ಲಿ ಈ ಪದ ಐದು ಸಂಕೇತಗಳಾಗಿ, ಉಚ್ಚಾರಣೆಯ ಕ್ರಮದಲ್ಲಿ ಸಂಗ್ರಹವಾಗುತ್ತದೆ.

```
ಚ  +  ಟ  +  ್  +  ನ  +  ಿ
```

ಇಲ್ಲಿ ಗುಡಿಸು ಎಂಬ ಸ್ವರಚಿಹ್ನೆ ಉಚ್ಚಾರಣೆಯಲ್ಲಿ ‘ನ’ಕಾರದ ನಂತರ ಬರುತ್ತದೆ. ಆದರೆ ಕಾಗದದ ಮೇಲೆ ಅದು ಕೂರುವುದು ‘ಟ’ಕಾರದ ತಲೆಯ ಮೇಲೆ. ‘ನ’ಕಾರವು ತನ್ನ ಪೂರ್ಣ ರೂಪವನ್ನು ಬಿಟ್ಟು ಒತ್ತಕ್ಷರವಾಗಿ ಕೆಳಗೆ ಇಳಿಯುತ್ತದೆ. ಅಂದರೆ ಹೇಳುವ ಕ್ರಮ ಒಂದು, ಕಾಣುವ ಕ್ರಮ ಇನ್ನೊಂದು. ‘ಕರ್ನಾಟಕ’ ಎಂಬಲ್ಲಿ ಮೊದಲು ಉಚ್ಚರಿಸುವ ರಕಾರ ಅರ್ಕಾವತ್ತಾಗಿ ‘ನಾ’ ಅಕ್ಷರದ ನಂತರ ಬರುತ್ತದೆ. ‘ಸ್ತ್ರೀ’ ಎಂಬ ಒಂದೇ ಅಕ್ಷರದಲ್ಲಿ ಆರು ಸಂಕೇತಗಳಿವೆ. ಅದರಲ್ಲಿ ಎರಡು ಒತ್ತಕ್ಷರಗಳು ಕೆಳಗೆ ಸೇರುತ್ತವೆ, ದೀರ್ಘದ ಚಿಹ್ನೆ ಎಲ್ಲಕ್ಕಿಂತ ಕೊನೆಗೆ ಬಲಕ್ಕೆ ನಿಲ್ಲುತ್ತದೆ.

ಹಿಂದೆ ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಯಾವ ಒತ್ತು ಯಾವ ಅಕ್ಷರದ ಕೆಳಗೆ ಹೋಗಬೇಕೆಂಬುದು ಮೊಳೆ ಜೋಡಿಸುವವನ ಕೈಗೆ ಗೊತ್ತಿರುತ್ತಿತ್ತು. ಈಗ ಆ ಕೆಲಸವನ್ನು ಅಕ್ಷರ ಜೋಡಣೆಯ ತಂತ್ರಾಂಶ ಮಾಡುತ್ತದೆ. ಯೂನಿಕೋಡ್ ಸಂಕೇತಪಟ್ಟಿಯಲ್ಲಿ ಕನ್ನಡಕ್ಕೆ 0C80 ರಿಂದ 0CFF ವರೆಗಿನ 128 ಸ್ಥಾನಗಳು ಮೀಸಲಾಗಿವೆ. ಬೆರಳಚ್ಚು ಮಾಡಿದ ಪದ ಈ ಸಂಕೇತಗಳ ಸಾಲಾಗಿ ಉಳಿಯುತ್ತದೆ. ತಂತ್ರಾಂಶವು ಆ ಸಾಲನ್ನು ಓದಿ, ಫಾಂಟ್‌ನೊಳಗೆ ಬರೆದಿಟ್ಟ ನಿಯಮಗಳಂತೆ ಗುಡಿಸು, ಕೊಂಬು, ಎತ್ವ, ಒತ್ತುಗಳನ್ನು ತಕ್ಕ ಸ್ಥಳದಲ್ಲಿ ಕೂರಿಸುತ್ತದೆ. ಒಂದು ಸಾರಿ ಸರಿಯಾಗಿ ಬೆರಳಚ್ಚು ಮಾಡಿದ ‘ಚಟ್ನಿ’ ಸಾವಿರ ಪ್ರತಿಗಳಲ್ಲಿಯೂ ‘ಚಟ್ನಿ’ಯಾಗಿಯೇ ಬರುವುದು ಇದರಿಂದಲೇ.

ಚಿತ್ರ ರಚಿಸುವ ಉಪಕರಣದಲ್ಲಿ ಈ ಹಂತವೇ ಇಲ್ಲ

ಚಿತ್ರ ರಚಿಸುವ ಎಐ ಉಪಕರಣ ಅಕ್ಷರವನ್ನು ಬೆರಳಚ್ಚು ಮಾಡುವುದಿಲ್ಲ, ಅದನ್ನು ಚಿತ್ರಿಸುತ್ತದೆ. ಅಪಾರ ಸಂಖ್ಯೆಯ ಚಿತ್ರಗಳನ್ನೂ ಅವುಗಳ ವಿವರಣೆಗಳನ್ನೂ ನೋಡಿ ಯಾವ ವಿವರಣೆಗೆ ಎಂತಹ ಆಕಾರ ಹೊಂದುತ್ತದೆ ಎಂಬುದನ್ನು ಅದು ಕಲಿತಿರುತ್ತದೆ. ಶೇಂಗಾದ ಕಾಳು ಸ್ವಲ್ಪ ಉದ್ದವಾದರೂ ಅದು ಶೇಂಗಾವೇ. ಮೆಣಸಿನಕಾಯಿ ಸ್ವಲ್ಪ ಡೊಂಕಾದರೂ ಅದು ಮೆಣಸಿನಕಾಯಿಯೇ. ಆದರೆ ‘ಧ’ಕಾರದ ಗೀಟು ಸ್ವಲ್ಪ ಮಾಸಿದರೆ ಅದು ‘ಧ’ ಆಗಿ ಉಳಿಯುವುದಿಲ್ಲ. ಹೋಲಿಕೆ ಸಾಕಾಗುವ ಕಡೆ ಈ ಉಪಕರಣ ಗೆಲ್ಲುತ್ತದೆ, ಖಚಿತತೆ ಬೇಕಾದ ಕಡೆ ಸೋಲುತ್ತದೆ.

ಇಂಗ್ಲಿಷಿನಲ್ಲಿ ಇದೇ ಉಪಕರಣ ಬಹುಮಟ್ಟಿಗೆ ಸರಿಯಾಗಿ ಬರೆಯುವುದನ್ನು ಕಂಡು, ಕನ್ನಡದಲ್ಲಿಯೂ ಬರೆಯಬಲ್ಲದು ಎಂದು ಭಾವಿಸುವುದು ಸಹಜ. ಇಂಗ್ಲಿಷಿನಲ್ಲಿ 26 ಅಕ್ಷರಗಳು. ಅವು ಒಂದರ ಪಕ್ಕದಲ್ಲಿ ಒಂದು ನಿಲ್ಲುತ್ತವೆ, ನೆರೆಯ ಅಕ್ಷರವನ್ನು ನೋಡಿ ರೂಪ ಬದಲಿಸುವುದಿಲ್ಲ. ಕನ್ನಡದ 34 ವ್ಯಂಜನಗಳಲ್ಲಿ ಒಂದೊಂದರ ಕೆಳಗೆ ಇನ್ನೊಂದು ಕೂಡಿದರೆ ಲೆಕ್ಕಕ್ಕೆ 1,156 ಜೋಡಿಗಳಾಗುತ್ತವೆ. ಎಲ್ಲ ಜೋಡಿಗಳೂ ಬಳಕೆಯಲ್ಲಿ ಇಲ್ಲದಿದ್ದರೂ, ಬಳಕೆಯಲ್ಲಿರುವ ಪ್ರತಿಯೊಂದೂ ಹಲವು ಸ್ವರಗಳೊಡನೆ ಬೇರೆ ಬೇರೆ ರೂಪ ತಾಳುತ್ತದೆ. ಉಪಕರಣ ಕಲಿತ ಚಿತ್ರಗಳಲ್ಲಿ ಇಂಗ್ಲಿಷ್ ಫಲಕಗಳು ಲೆಕ್ಕವಿಲ್ಲದಷ್ಟಿದ್ದರೆ ಕನ್ನಡ ಫಲಕಗಳು ಅದರ ಮುಂದೆ ಅತ್ಯಲ್ಪ. ‘ಟ್ನಿ’ಯಂತಹ ಅಕ್ಷರ ಎಷ್ಟು ಸಾರಿ ಅದರ ಕಣ್ಣಿಗೆ ಬಿದ್ದಿರಬಹುದು ಎಂದು ಯೋಚಿಸಿದರೆ ತಪ್ಪಿನ ಕಾರಣ ಸ್ಪಷ್ಟವಾಗುತ್ತದೆ.

ಹೊಸದಾಗಿ ಬಂದ ಕೆಲವು ಉಪಕರಣಗಳು ಒಂದೆರಡು ದೊಡ್ಡ ಪದಗಳನ್ನು ಸರಿಯಾಗಿ ಬರೆಯುವುದುಂಟು. ಆದರೆ ಒಂದು ಸಲ ಸರಿಯಾಗಿ ಬಂದದ್ದು ಮುಂದಿನ ಸಲವೂ ಸರಿಯಾಗಿ ಬರುತ್ತದೆಂಬ ಖಾತರಿಯಿಲ್ಲ. ಚಿಕ್ಕ ಅಕ್ಷರಗಳಲ್ಲಿ ಇನ್ನೊಂದು ಮಿತಿಯೂ ಸೇರಿಕೊಳ್ಳುತ್ತದೆ. ಚಿತ್ರ ಚುಕ್ಕೆಗಳಿಂದ ಆದದ್ದು. 1024 ಚುಕ್ಕೆ ಅಗಲದ ಚಿತ್ರವನ್ನು 96 ಮಿ.ಮೀ. ಅಗಲದ ಲೇಬಲ್‌ಗೆ ಬಳಸಿದರೆ 2 ಮಿ.ಮೀ. ಎತ್ತರದ ಅಕ್ಷರಕ್ಕೆ ದೊರೆಯುವುದು ಸುಮಾರು 21 ಚುಕ್ಕೆಗಳು. ಅದರೊಳಗೆ ಒತ್ತಕ್ಷರಕ್ಕೆ ಹತ್ತು ಚುಕ್ಕೆಗಳೂ ಸಿಗುವುದಿಲ್ಲ. ಪದಾರ್ಥಗಳ ಪಟ್ಟಿಯಂತಹ ಸಣ್ಣ ಬರಹ ಚಿತ್ರದೊಳಗೆ ಸ್ಪಷ್ಟವಾಗಿ ಮೂಡಲು ಜಾಗವೇ ಇರುವುದಿಲ್ಲ.

ಕೆಲಸವನ್ನು ಮೂರು ಪದರಗಳಾಗಿ ವಿಂಗಡಿಸುವುದು

ಆದ್ದರಿಂದ ಲೇಬಲ್‌ನ ಕೆಲಸವನ್ನು ಮೂರು ಪದರಗಳಾಗಿ ನೋಡುವುದು ಯುಕ್ತ. ಮೊದಲ ಪದರ ಬರಿಯ ಚಿತ್ರ. ಇದರಲ್ಲಿ ಅಕ್ಷರ, ಅಂಕಿ, ಮುದ್ರೆ, ಲಾಂಛನ ಯಾವುದೂ ಇರಕೂಡದು. ಎರಡನೆಯ ಪದರ ಬೆರಳಚ್ಚು ಮಾಡಿದ ಬರಹ. ಪದಾರ್ಥದ ಹೆಸರು, ಒಕ್ಕೂಟದ ಹೆಸರು ಮತ್ತು ವಿಳಾಸ, ತೂಕ, ಪದಾರ್ಥಗಳ ಪಟ್ಟಿ ಇವು ಅದರಲ್ಲಿ ಬರುತ್ತವೆ. ಮೂರನೆಯ ಪದರ ಪ್ಯಾಕ್ ಮಾಡುವ ದಿನ ಮೊಹರಿನಿಂದ ಒತ್ತುವ ವಿವರ. ಬ್ಯಾಚ್ ಸಂಖ್ಯೆ, ತಯಾರಿಸಿದ ದಿನಾಂಕ, ಬಳಕೆಯ ಕೊನೆಯ ದಿನಾಂಕ, ಗರಿಷ್ಠ ಮಾರಾಟ ಬೆಲೆ ಇವು ಪ್ರತಿ ಸಲ ಬದಲಾಗುವುದರಿಂದ ಇವಕ್ಕೆ ಖಾಲಿ ಜಾಗ ಬಿಡಬೇಕು.

ಈ ವಿಂಗಡಣೆಯಿಂದ ಇನ್ನೊಂದು ಅನುಕೂಲವೂ ಇದೆ. ಒಕ್ಕೂಟ ಮುಂದೆ ಗುರೆಳ್ಳು ಚಟ್ನಿಗೆ ಕೈ ಹಾಕಿದಾಗ ಅಥವಾ 200 ಗ್ರಾಂ ಬದಲು 500 ಗ್ರಾಂ ಪ್ಯಾಕೆಟ್ ಮಾಡಿದಾಗ ಲೇಬಲ್ ಮೊದಲಿನಿಂದ ಮಾಡಿಸಬೇಕಾಗಿಲ್ಲ. ಎರಡನೆಯ ಪದರದ ಒಂದು ಪದ ಅಥವಾ ಒಂದು ಅಂಕಿ ತಿದ್ದಿದರೆ ಸಾಕು. ಅಕ್ಷರ ಚಿತ್ರದೊಳಗೆ ಬೆರೆತುಹೋಗಿದ್ದರೆ ಇದು ಸಾಧ್ಯವಿಲ್ಲ.

ಆಹಾರ ಪದಾರ್ಥದ ಲೇಬಲ್‌ನಲ್ಲಿ ಎರಡನೆಯ ಪದರ ಕಾನೂನಿನ ವಿಷಯವೂ ಹೌದು. ಆಹಾರ ಸುರಕ್ಷತೆಯ 2020 ರ ಲೇಬಲಿಂಗ್ ಮತ್ತು ಪ್ರದರ್ಶನ ವಿನಿಯಮಗಳಂತೆ ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಬೇಕು, ಅವುಗಳ ಜೊತೆಗೆ ಕನ್ನಡವನ್ನು ಬಳಸಬಹುದು. ಎಫ್‌ಎಸ್‌ಎಸ್‌ಎಐ ಪರವಾನಗಿ ಅಥವಾ ನೋಂದಣಿ ಸಂಖ್ಯೆ 14 ಅಂಕಿಗಳದ್ದು. ಅದರಲ್ಲಿ ಒಂದು ಅಂಕಿ ಅದಲುಬದಲಾದರೂ ಅದು ಬೇರೆಯವರ ಸಂಖ್ಯೆಯಾಗುತ್ತದೆ ಅಥವಾ ಯಾರದೂ ಆಗಿರುವುದಿಲ್ಲ. ಶೇಂಗಾ ಕೆಲವರಿಗೆ ಅಲರ್ಜಿ ಉಂಟುಮಾಡುವ ಪದಾರ್ಥವಾಗಿರುವುದರಿಂದ ಅದು ಇದೆಯೆಂಬ ಘೋಷಣೆಯೂ ಲೇಬಲ್‌ನಲ್ಲಿ ಬರಬೇಕು. ಇಂತಹ ಯಾವ ವಿವರವನ್ನೂ ಚಿತ್ರ ರಚಿಸುವ ಉಪಕರಣಕ್ಕೆ ಬಿಡಬಾರದು. ಸಸ್ಯಾಹಾರದ ಹಸಿರು ಚೌಕ ಮತ್ತು ಚುಕ್ಕೆ, ಎಫ್‌ಎಸ್‌ಎಸ್‌ಎಐ ಲಾಂಛನ, ಸಂಜೀವಿನಿ ಲಾಂಛನ ಇವುಗಳನ್ನು ಮೂಲ ಕಡತದಿಂದಲೇ ತೆಗೆದು ಸೇರಿಸಬೇಕು. ಯಂತ್ರ ಚಿತ್ರಿಸಿದ ಲಾಂಛನ ಮೂಲವನ್ನು ಹೋಲಬಹುದು, ಆದರೆ ಅದು ಮೂಲವಲ್ಲ.

ಮೊದಲ ಪದರ: ಅಕ್ಷರವಿಲ್ಲದ ಚಿತ್ರ

ಉದಾಹರಣೆಯ ಒಕ್ಕೂಟದ ಲೇಬಲ್ 90 ಮಿ.ಮೀ. ಅಗಲ, 120 ಮಿ.ಮೀ. ಎತ್ತರ ಇರಲಿ. ಕತ್ತರಿಸುವಾಗ ಅಂಚಿನಲ್ಲಿ ಬಿಳಿ ಗೆರೆ ಉಳಿಯದಂತೆ ನಾಲ್ಕೂ ಕಡೆ 3 ಮಿ.ಮೀ. ಹೆಚ್ಚುವರಿ ಬಿಡುವುದು ಮುದ್ರಣದ ವಾಡಿಕೆ. ಆಗ ಚಿತ್ರದ ಅಳತೆ 96 × 126 ಮಿ.ಮೀ. ಆಗುತ್ತದೆ. 1024 × 1536 ಚುಕ್ಕೆಗಳ ಚಿತ್ರವನ್ನು ಈ ಅಗಲಕ್ಕೆ ಹೊಂದಿಸಿದರೆ ಎತ್ತರ 144 ಮಿ.ಮೀ. ಆಗಿ, 18 ಮಿ.ಮೀ. ಕತ್ತರಿಸಿಹೋಗುತ್ತದೆ. ಆದ್ದರಿಂದ ಮುಖ್ಯವಾದ ಯಾವ ಆಕಾರವೂ ಮೇಲಿನ ಅಥವಾ ಕೆಳಗಿನ ಅಂಚಿಗೆ ತಾಗಿರದಂತೆ ನೋಡಿಕೊಳ್ಳಬೇಕು. ಇಂಚಿಗೆ ಸುಮಾರು 270 ಚುಕ್ಕೆ ದೊರೆಯುವುದರಿಂದ ಶೇಂಗಾ, ಮೆಣಸಿನಕಾಯಿಯ ಚಿತ್ರಕ್ಕೆ ಇದು ಸಾಕಾಗುತ್ತದೆ.

ಉಪಕರಣಕ್ಕೆ ಕೊಡುವ ಸೂಚನೆಯಲ್ಲಿ ಎರಡು ಎಚ್ಚರಗಳು ಬೇಕು. ಪದಾರ್ಥದ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಬರೆಯಬಾರದು, ಬರೆದರೆ ಅದನ್ನು ಲೇಬಲ್ ಮೇಲೆ ಬರೆಯಬೇಕೆಂದು ಉಪಕರಣ ತಿಳಿಯುತ್ತದೆ. ‘ಅಕ್ಷರ ಬೇಡ’ ಎಂದಷ್ಟೇ ಹೇಳಿದರೂ ಸಾಲದು. ‘ಬೇಡ’ ಎಂಬುದನ್ನು ಈ ಉಪಕರಣಗಳು ಅನೇಕ ವೇಳೆ ಪಾಲಿಸುವುದಿಲ್ಲ, ಹೆಸರಿಸಿದ ವಸ್ತುವನ್ನೇ ತಂದಿಡುತ್ತವೆ. ಅಕ್ಷರ ಬರಬೇಕಾದ ಸ್ಥಳದಲ್ಲಿ ಏನು ಇರಬೇಕೆಂಬುದನ್ನು ವರ್ಣಿಸುವುದೇ ಹೆಚ್ಚು ಫಲಕಾರಿ. ‘ಮೇಲಿನ ಅರ್ಧದಲ್ಲಿ ಕೆನೆ ಬಣ್ಣದ ಖಾಲಿ ಫಲಕ, ಕೆಳಗೆ ಮತ್ತು ಬದಿಗಳಲ್ಲಿ ಹುರಿದ ಶೇಂಗಾ ಹಾಗೂ ಒಣ ಮೆಣಸಿನಕಾಯಿ’ ಎಂಬ ಭಾವದ ಸೂಚನೆ ಹೀಗಿರಬಹುದು:

```
Flat background art, portrait. Plain empty cream panel
filling the upper half, smooth and unmarked. Roasted
groundnuts and dry red chillies along the bottom and sides.
No lettering, no numbers, no logo.
```

ಇಲ್ಲಿ ‘ಲೇಬಲ್’ ಅಥವಾ ‘ಪ್ಯಾಕೆಟ್’ ಎಂಬ ಪದವನ್ನೇ ಬಳಸಿಲ್ಲ ಎಂಬುದನ್ನು ಗಮನಿಸಬೇಕು. ಲೇಬಲ್ ಎಂದೊಡನೆ ಅದರ ಮೇಲೆ ಬರಹ ಇರುತ್ತದೆಂದು ಉಪಕರಣ ಕಲಿತಿರುವುದರಿಂದ ‘ಹಿನ್ನೆಲೆ ಚಿತ್ರ’ ಎಂದು ಕೇಳುವುದು ಲೇಸು. ಬಂದ ಚಿತ್ರದಲ್ಲಿ ಎಲ್ಲಿಯಾದರೂ ಅಕ್ಷರದಂತಹ ಗೀಚು ಕಂಡರೆ ಅದನ್ನು ಉಳಿಸಿಕೊಳ್ಳದೆ ಮತ್ತೊಮ್ಮೆ ರಚಿಸಿಕೊಳ್ಳಬೇಕು. ಚೀಲ, ಡಬ್ಬಿ, ಅಂಗಡಿ ಫಲಕ ಇರುವ ಚಿತ್ರಗಳಲ್ಲಿ ಇಂತಹ ಗೀಚು ಹೆಚ್ಚು.

ಖಾಲಿ ಫಲಕ ಎಷ್ಟು ದೊಡ್ಡದಿರಬೇಕು ಎಂಬುದನ್ನು ಕನ್ನಡದ ಅಳತೆಯಿಂದಲೇ ನಿರ್ಧರಿಸಬೇಕು. ‘ಶೇಂಗಾ’ ಒಂದು ಸಾಲು, ‘ಚಟ್ನಿ ಪುಡಿ’ ಇನ್ನೊಂದು ಸಾಲು ಎಂದಿಟ್ಟುಕೊಂಡು 30 ಪಾಯಿಂಟ್ ಅಕ್ಷರ ಬಳಸಿದರೆ, ಒತ್ತಕ್ಷರಕ್ಕೆ ಸ್ಥಳ ಇರುವಂತೆ ಸಾಲಿನಿಂದ ಸಾಲಿಗೆ ಒಂದೂವರೆ ಪಟ್ಟು, ಅಂದರೆ 45 ಪಾಯಿಂಟ್ ಅಂತರ ಬೇಕು. ಅದು ಸುಮಾರು 16 ಮಿ.ಮೀ. ಎರಡು ಸಾಲಿಗೆ 32 ಮಿ.ಮೀ., ಮೇಲೆ ಕೆಳಗೆ ತಲಾ 4 ಮಿ.ಮೀ. ಸೇರಿಸಿದರೆ 40 ಮಿ.ಮೀ. ಎತ್ತರದ ಫಲಕ ಬೇಕಾಗುತ್ತದೆ. ಇಂಗ್ಲಿಷ್ ಹೆಸರಿಗೆ ಹೊಂದುವ ಇಕ್ಕಟ್ಟಾದ ಪಟ್ಟಿಯಲ್ಲಿ ಕನ್ನಡ ಬರೆದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲಕಟ್ಟಿಗೆ ತಾಗುತ್ತದೆ.

ಲೇಬಲ್‌ನ ಹಿಂಭಾಗಕ್ಕೆ ಚಿತ್ರದ ಅವಶ್ಯಕತೆಯೇ ಇಲ್ಲ. ಪದಾರ್ಥಗಳ ಪಟ್ಟಿ, ಪೌಷ್ಟಿಕಾಂಶ, ವಿಳಾಸ, ಪರವಾನಗಿ ಸಂಖ್ಯೆ ಇವು ಬಿಳಿ ಹಿನ್ನೆಲೆಯ ಮೇಲೆ ಬೆರಳಚ್ಚಾಗಿಯೇ ಬರಲಿ.

ಎರಡನೆಯ ಪದರ: ಅಕ್ಷರ ಸೇರಿಸುವುದು

ಅಕ್ಷರ ಸೇರಿಸಲು ಇಂಕ್‌ಸ್ಕೇಪ್ ಅಥವಾ ಲಿಬ್ರೆ ಆಫೀಸ್ ಡ್ರಾ ತಂತ್ರಾಂಶ ಬಳಸಬಹುದು. ಎರಡೂ ಉಚಿತ, ಎರಡೂ ಕನ್ನಡ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುತ್ತವೆ. ಇಂಕ್‌ಸ್ಕೇಪ್‌ನಲ್ಲಿ ಮೊದಲು `File > Document Properties` ಮೂಲಕ ಪುಟದ ಅಳತೆಯನ್ನು 96 × 126 ಮಿ.ಮೀ. ಎಂದು ಕೊಡಬೇಕು. `File > Import` ಮೂಲಕ ಚಿತ್ರವನ್ನು ತಂದು, ಅದು ಕದಲದಂತೆ ಅದರ ಪದರಕ್ಕೆ ಬೀಗ ಹಾಕಬೇಕು. ಆಮೇಲೆ ಹೊಸ ಪದರದಲ್ಲಿ ಬರಹವನ್ನು ಬೆರಳಚ್ಚು ಮಾಡಬೇಕು. ನೋಟೋ ಸಾನ್ಸ್ ಕನ್ನಡ, ಬಲೂ ತಮ್ಮ, ಅನೇಕ್ ಕನ್ನಡ ಮೊದಲಾದ ಯೂನಿಕೋಡ್ ಫಾಂಟ್‌ಗಳು ಉಚಿತವಾಗಿ ದೊರೆಯುತ್ತವೆ.

ಸರಿಯಾಗಿ ಬೆರಳಚ್ಚು ಮಾಡಿದ ಅಕ್ಷರವನ್ನೂ ಅಲಂಕಾರದ ಆಸೆ ಕೆಡಿಸಬಲ್ಲದು. ಅಕ್ಷರಗಳ ನಡುವಿನ ಅಂತರವನ್ನು ಎಳೆದು ಹೆಚ್ಚಿಸಿದರೆ ದೀರ್ಘದ ಚಿಹ್ನೆ ಮತ್ತು ಅರ್ಕಾವತ್ತು ತಮ್ಮ ಅಕ್ಷರದಿಂದ ದೂರ ಸರಿಯಬಹುದು. ಬರಹವನ್ನು ಬಿಲ್ಲಿನಂತೆ ಬಾಗಿಸಿದರೆ ಒತ್ತುಗಳು ಜಾಗ ತಪ್ಪಬಹುದು. ಸಾದಾ ಅಕ್ಷರದ ಸುತ್ತ ಗೆರೆ ಎಳೆದು ದಪ್ಪ ಮಾಡಿದರೆ ‘ಧ’ ಮತ್ತು ‘ಷ’ಗಳೊಳಗಿನ ಗೀಟು ಮುಚ್ಚಿಹೋಗುತ್ತದೆ. ದಪ್ಪ ಬೇಕಿದ್ದರೆ ಅದೇ ಫಾಂಟ್‌ನ ದಪ್ಪ ರೂಪವನ್ನೇ ಆರಿಸಿಕೊಳ್ಳಬೇಕು. ಮುಗಿದ ಲೇಬಲ್‌ನ ಬಣ್ಣ ಅಥವಾ ಬೆಳಕು ತಿದ್ದಲು ಅದನ್ನು ಮತ್ತೆ ಎಐ ಉಪಕರಣಕ್ಕೆ ಕೊಡುವುದಂತೂ ಸಲ್ಲದು. ಉಪಕರಣ ಇಡೀ ಚಿತ್ರವನ್ನು ಪುನಃ ಚಿತ್ರಿಸುವುದರಿಂದ ಸರಿಯಾಗಿದ್ದ ಅಕ್ಷರವೂ ಒಡೆಯುತ್ತದೆ.

ಕೆಲಸ ಮುಗಿದ ಮೇಲೆ ಎರಡು ಪ್ರತಿಗಳನ್ನು ಇಡಬೇಕು. ಮೊದಲನೆಯದು ತಿದ್ದಬಹುದಾದ ಮೂಲ ಪ್ರತಿ, ಅಂದರೆ ಎಸ್‌ವಿಜಿ ಕಡತ. ಎರಡನೆಯದು ಮುದ್ರಣಕ್ಕೆ ಕೊಡುವ ಪಿಡಿಎಫ್. ಪಿಡಿಎಫ್ ಮಾಡುವಾಗ `Convert text to paths` ಎಂಬುದನ್ನು ಆರಿಸಿದರೆ ಅಕ್ಷರಗಳು ಸ್ಥಿರ ರೇಖೆಗಳಾಗುತ್ತವೆ, ಮುದ್ರಣಾಲಯದಲ್ಲಿ ಆ ಫಾಂಟ್ ಇಲ್ಲದಿದ್ದರೂ ಬದಲಾಗುವುದಿಲ್ಲ. ಆದರೆ ಹೀಗೆ ಸ್ಥಿರಗೊಂಡ ಪ್ರತಿಯನ್ನು ಮುಂದೆ ತಿದ್ದಲಾಗದು. ಮೂಲ ಪ್ರತಿಯನ್ನು ಬೇರೆಯಾಗಿ ಕಾಪಾಡಬೇಕಾದುದು ಇದಕ್ಕಾಗಿಯೇ.

ಮುದ್ರಣಾಲಯದಲ್ಲಿ ಒಡೆಯುವ ಅಕ್ಷರ

ಎಐ ಉಪಕರಣವನ್ನು ದೂರವಿಟ್ಟರೂ ಅಕ್ಷರ ಒಡೆಯುವ ಇನ್ನೊಂದು ಸ್ಥಳವಿದೆ. ಮುದ್ರಣಾಲಯಗಳಲ್ಲಿ ನುಡಿ ಮತ್ತು ಶ್ರೀಲಿಪಿಯ ಹಳೆಯ ಫಾಂಟ್‌ಗಳ ಬಳಕೆ ಇನ್ನೂ ಉಳಿದಿದೆ. ಅವು ಯೂನಿಕೋಡ್ ಫಾಂಟ್‌ಗಳಲ್ಲ. ಅವುಗಳಲ್ಲಿ ಇಂಗ್ಲಿಷ್ ಸಂಕೇತಗಳ ಜಾಗದಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಕೂರಿಸಲಾಗಿದೆ. ಹಳೆಯ ನುಡಿಯಲ್ಲಿ ಬೆರಳಚ್ಚು ಮಾಡಿದ ‘ಕನ್ನಡ’ ಎಂಬ ಪದ, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಹೀಗೆ ಕಾಣುತ್ತದೆ:

```
PÀ£ÀßqÀ
```

ಇಂತಹ ಸಾಲು ಕಂಡರೆ ಬರಹ ಕೆಟ್ಟಿಲ್ಲ, ಫಾಂಟ್ ಇಲ್ಲ ಎಂದು ತಿಳಿಯಬೇಕು. ಇದಕ್ಕೆ ವಿರುದ್ಧವಾಗಿ ಒತ್ತುಗಳು ಕೆಳಗಿಳಿಯದೆ ‘ಚಟ್‌ನಿ’ ಎಂದು ಬಿಡಿಬಿಡಿಯಾಗಿ ನಿಂತಿದ್ದರೆ, ಬರಹ ಯೂನಿಕೋಡ್‌ನಲ್ಲಿದ್ದು ತಂತ್ರಾಂಶಕ್ಕೆ ಅದನ್ನು ಜೋಡಿಸುವ ವ್ಯವಸ್ಥೆ ಇಲ್ಲ ಅಥವಾ ಅದು ಚಾಲೂ ಆಗಿಲ್ಲ ಎಂದರ್ಥ. ಇನ್‌ಡಿಸೈನ್ ತಂತ್ರಾಂಶದಲ್ಲಿ `Adobe World-Ready Paragraph Composer` ಆರಿಸಿದರೆ ಇದು ಸರಿಹೋಗುತ್ತದೆ. ಅಕ್ಷರದ ಜಾಗದಲ್ಲಿ ಚುಕ್ಕೆಗಳ ವೃತ್ತ ಕಂಡರೆ ಸ್ವರಚಿಹ್ನೆ ವ್ಯಂಜನವಿಲ್ಲದೆ ಒಂಟಿಯಾಗಿ ಬೆರಳಚ್ಚಾಗಿದೆ ಎಂದರ್ಥ. ಖಾಲಿ ಚೌಕಗಳು ಕಂಡರೆ ಆರಿಸಿದ ಫಾಂಟ್‌ನಲ್ಲಿ ಕನ್ನಡವೇ ಇಲ್ಲ. ಹೀಗೆ ಒಡೆದ ರೂಪವೇ ಕಾರಣವನ್ನು ಹೇಳುತ್ತದೆ. ಎಐ ರಚಿಸಿದ ಅಕ್ಷರದಲ್ಲಿ ಇಂತಹ ನಿಯಮಬದ್ಧ ಗುರುತು ಇರುವುದಿಲ್ಲ. ಅದೇ ಅಕ್ಷರ ಒಂದು ಕಡೆ ಸರಿ, ಇನ್ನೊಂದು ಕಡೆ ತಪ್ಪಾಗಿರುತ್ತದೆ. ಅದನ್ನು ಗುರುತಿಸುವ ಸುಲಭ ಬಗೆಯೂ ಇದೇ. ಒಂದೇ ಲೇಬಲ್‌ನಲ್ಲಿ ಎರಡು ಕಡೆ ಬಂದ ‘ಡ’ ಅಕ್ಷರಗಳ ಆಕಾರ ಒಂದಕ್ಕೊಂದು ಹೊಂದದಿದ್ದರೆ ಅದು ಬೆರಳಚ್ಚಲ್ಲ, ಚಿತ್ರ.

ಮುದ್ರಣಾಲಯವು ಯೂನಿಕೋಡ್ ಬರಹವನ್ನು ಹಳೆಯ ಫಾಂಟ್‌ಗೆ ಪರಿವರ್ತಿಸಿ ಬಳಸಿದರೆ, ಪರಿವರ್ತನೆಯಾದ ನಂತರದ ಕರಡನ್ನು ಪುನಃ ಓದಲೇಬೇಕು. ಅರ್ಕಾವತ್ತು, ಎರಡು ಒತ್ತುಗಳಿರುವ ಅಕ್ಷರ, ‘ಪ್ಯಾಕೆಟ್‌ನಲ್ಲಿ’ ಎಂಬಂತಹ ಪದಗಳಲ್ಲಿ ಅರ್ಧಾಕ್ಷರ ಬಿಡಿಯಾಗಿ ನಿಲ್ಲಬೇಕಾದ ಸ್ಥಳ, ಈ ಮೂರು ಕಡೆ ಪರಿವರ್ತನೆ ತಪ್ಪುವ ಸಂಭವ ಹೆಚ್ಚು.

ಮುದ್ರಣಕ್ಕೆ ಮುನ್ನ ಮಾಡಬೇಕಾದ ಪರಿಶೀಲನೆ

ಲೇಬಲ್‌ನ ಬರಹವನ್ನು ಮೊದಲು ಒಂದು ಹಾಳೆಯ ಮೇಲೆ ಬರೆದು ಒಕ್ಕೂಟದ ಪದಾಧಿಕಾರಿಗಳಿಂದ ಸಹಿ ಮಾಡಿಸಿಕೊಳ್ಳಬೇಕು. ಕರಡು ಬಂದಾಗ ಒಬ್ಬರು ಹಾಳೆಯಿಂದ ಅಕ್ಷರ ಅಕ್ಷರವಾಗಿ ಓದಬೇಕು, ಇನ್ನೊಬ್ಬರು ಕರಡಿನಲ್ಲಿ ಅದನ್ನು ಗುರುತು ಹಾಕುತ್ತ ಹೋಗಬೇಕು. ಗುರುತು ಹಾಕುವವರು ಲೇಬಲ್ ರಚನೆಯಲ್ಲಿ ಭಾಗವಹಿಸದವರಾಗಿದ್ದರೆ ಉತ್ತಮ, ಏಕೆಂದರೆ ಬರಹ ಬಾಯಿಪಾಠವಾಗಿರುವವರ ಕಣ್ಣಿಗೆ ತಪ್ಪು ಬೀಳುವುದು ಕಷ್ಟ. ‘ಚಟ್ನಿ’ಯನ್ನು ಓದುವಾಗ ಚ, ಟಕ್ಕೆ ಗುಡಿಸು, ಕೆಳಗೆ ನ ಒತ್ತು ಎಂದೇ ಓದಬೇಕು. 14 ಅಂಕಿಗಳ ಸಂಖ್ಯೆಯನ್ನು ಪರವಾನಗಿ ಪತ್ರದ ಎದುರಿಗಿಟ್ಟು ಎರಡೆರಡು ಅಂಕಿಗಳಾಗಿ ಹೋಲಿಸಬೇಕು. ಕೊನೆಗೆ ಸಾದಾ ಕಾಗದದ ಮೇಲೆ ನಿಜ ಅಳತೆಯಲ್ಲಿ ಮುದ್ರಿಸಿ, ಕತ್ತರಿಸಿ, ತುಂಬಿದ ಪ್ಯಾಕೆಟ್‌ಗೆ ಸುತ್ತಿ ಕೈಯಳತೆಯ ದೂರದಿಂದ ಓದಿ ನೋಡಬೇಕು. ಪರದೆಯ ಮೇಲೆ ಸ್ಪಷ್ಟವಾಗಿದ್ದ ಒತ್ತಕ್ಷರ ಕಾಗದದ ಮೇಲೆ ಮಸುಕಾಗುವುದು ಈ ಹಂತದಲ್ಲಿ ಮಾತ್ರ ತಿಳಿಯುತ್ತದೆ.

ಲೇಬಲ್ ಮುದ್ರಣದ ವೆಚ್ಚ ಪಂಚಾಯತಿಯ ಅಥವಾ ಒಕ್ಕೂಟದ ಸಭೆಯ ಮುಂದೆ ಬಂದಾಗ ಸದಸ್ಯರು ಈ ಕೆಳಗಿನ ನಾಲ್ಕು ಸಂಗತಿಗಳನ್ನು ಕೇಳಿ ಖಚಿತಪಡಿಸಿಕೊಳ್ಳತಕ್ಕದ್ದು:

1. ಅಕ್ಷರವಿಲ್ಲದ ಹಿನ್ನೆಲೆ ಚಿತ್ರ ಪ್ರತ್ಯೇಕ ಕಡತವಾಗಿ ಒಕ್ಕೂಟದ ಬಳಿ ಇದೆಯೇ?
2. ಬರಹವನ್ನು ತಿದ್ದಬಹುದಾದ ಮೂಲ ಪ್ರತಿ ಮತ್ತು ಬಳಸಿದ ಫಾಂಟ್‌ನ ಹೆಸರು ಒಕ್ಕೂಟದ ಮುಖ್ಯ ಪುಸ್ತಕ ಬರಹಗಾರರ ವಶದಲ್ಲಿದೆಯೇ?
3. ಸಹಿಯಾದ ಬರಹದ ಹಾಳೆ ಮತ್ತು ಗುರುತು ಹಾಕಿದ ಕೊನೆಯ ಕರಡು ಕಡತದಲ್ಲಿ ಇವೆಯೇ?
4. ಬ್ಯಾಚ್, ದಿನಾಂಕ, ಬೆಲೆಗಳ ಜಾಗ ಖಾಲಿ ಇದ್ದು, ಮೊಹರಿನ ಶಾಯಿ ಆ ಕಾಗದದ ಮೇಲೆ ಅಳಿಸದೆ ನಿಲ್ಲುತ್ತದೆಯೇ?

ಎರಡನೆಯ ಪ್ರಶ್ನೆಗೆ ‘ಮೂಲ ಪ್ರತಿ ಮುದ್ರಣಾಲಯದಲ್ಲಿದೆ’ ಎಂಬ ಉತ್ತರ ಬಂದರೆ ಬಿಲ್ಲು ಪಾವತಿಗೆ ಮುನ್ನವೇ ಆ ಪ್ರತಿಯನ್ನು ಪಡೆದುಕೊಳ್ಳಬೇಕು. ಮುಂದಿನ ಸಲ ತೂಕವೋ ವಿಳಾಸವೋ ಬದಲಾದಾಗ ತಿದ್ದುಪಡಿ ಆಗಬೇಕಾದದ್ದು ಆ ಪ್ರತಿಯಲ್ಲಿಯೇ.